ಹಿನ್ನೆಲೆಯಲ್ಲಿ ನಿಂತ ಮೆಟ್ರೊ ಕಂಬ

ಕಳೆದ ಬೇಸಿಗೆ ರಜೆಯ ಕೊನೆಯ ವಾರದಲ್ಲಿ ಒಬ್ಬ ತಾಯಿ ತಮ್ಮ 15 ವರ್ಷದ ಮಗಳನ್ನು ಕರೆದುಕೊಂಡು ನನ್ನ ಬಳಿ ಬಂದಿದ್ದರು. ಹುಡುಗಿ ಸಂಜೆಯ ಹೊತ್ತು ಮನೆಯ ತಾರಸಿಯ ಮೇಲೆ ಜನಪದ ಹಾಡುಗಳಿಗೆ ಹೆಜ್ಜೆ ಹಾಕಿ ಅದರ ಚಿಕ್ಕ ಚಿಕ್ಕ ವಿಡಿಯೊಗಳನ್ನು ಹಾಕುತ್ತಿದ್ದಳು. ಚಾನೆಲ್‌ಗೆ ಅವಳ ಹೆಸರಿರಲಿಲ್ಲ, ಬಡಾವಣೆಯ ಹೆಸರನ್ನಾಗಲೀ ಶಾಲೆಯ ಹೆಸರನ್ನಾಗಲೀ ಅವಳು ಎಲ್ಲಿಯೂ ಬರೆದಿರಲಿಲ್ಲ. ಆದರೂ ಒಂದು ವಿಡಿಯೊದ ಕೆಳಗೆ ಅಪರಿಚಿತರೊಬ್ಬರು ಹೀಗೆ ಬರೆದಿದ್ದರು: "ನಿಮ್ ರೋಡ್ ಕಾರ್ನರ್ ಬೇಕರೀಲಿ ಹನಿಕೇಕ್ ಚೆನ್ನಾಗಿರುತ್ತೆ ಅಲ್ವಾ?" ಅದರಲ್ಲಿ ಬೈಗುಳವಿರಲಿಲ್ಲ, ಬೆದರಿಕೆಯೂ ಇರಲಿಲ್ಲ. ಆದರೆ ಆ ಬೇಕರಿಯೂ ಹನಿಕೇಕೂ ನಿಜವಾಗಿದ್ದವು.

ಮಗಳ ಫೋನನ್ನು ಯಾರೋ ಹ್ಯಾಕ್ ಮಾಡಿರಬೇಕು, ಇಲ್ಲವೇ ಅದರಲ್ಲಿ ಲೊಕೇಶನ್ ಆನ್ ಆಗಿರಬೇಕು ಎಂಬುದು ತಾಯಿಯ ಅನುಮಾನವಾಗಿತ್ತು. ನನ್ನ ಬಳಿ ಬರುವ ಹತ್ತರಲ್ಲಿ ಎಂಟು ಮಂದಿ ಪೋಷಕರು ಇಲ್ಲಿಂದಲೇ ಮಾತು ಆರಂಭಿಸುತ್ತಾರೆ; ಆದ್ದರಿಂದ ಮೊದಲು ಇದನ್ನೇ ಪರೀಕ್ಷಿಸಿದೆವು. ಫೋನಿನ ಕ್ಯಾಮೆರಾಕ್ಕೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ, ಫೋಟೊ ಅಥವಾ ವಿಡಿಯೊ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳು ಆ ಫೈಲಿನೊಳಗೇ ದಾಖಲಾಗುತ್ತವೆ. ಯೂಟ್ಯೂಬ್, ಇನ್‌ಸ್ಟಾಗ್ರಾಂನಂಥ ವೇದಿಕೆಗಳಲ್ಲಿ ವಿಡಿಯೊ ನೋಡುವವರಿಗೆ ಈ ದಾಖಲೆ ಸಿಗುವುದಿಲ್ಲ. ಆದರೆ ಅದೇ ಫೈಲನ್ನು "ಎಡಿಟ್ ಮಾಡಿಕೊಡಿ" ಎಂದು ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ದಾಖಲೆಯೂ ಅದರ ಜೊತೆಯಲ್ಲೇ ಹೋಗುತ್ತದೆ. ಈ ಹುಡುಗಿ ಮೂಲ ಫೈಲನ್ನು ಯಾರಿಗೂ ಕೊಟ್ಟಿರಲಿಲ್ಲ. ಕ್ಯಾಮೆರಾದ ಲೊಕೇಶನ್ ಅನುಮತಿಯನ್ನು ತೆಗೆದುಹಾಕಿದೆವು, ಅದು ಅರ್ಧ ನಿಮಿಷದ ಕೆಲಸ. ಆದರೆ ಬೇಕರಿಯ ಗುಟ್ಟು ಹೊರಬಿದ್ದದ್ದು ಫೈಲಿನಿಂದಲ್ಲ, ಚಿತ್ರದಿಂದ.

ಚಾನೆಲ್‌ನಲ್ಲಿ ಒಟ್ಟು 11 ವಿಡಿಯೊಗಳಿದ್ದವು. ಮೂವರೂ ಒಂದೇ ಮೇಜಿನ ಸುತ್ತ ಕುಳಿತು ಅವನ್ನು ಮೊದಲಿನಿಂದ ನೋಡುತ್ತಾ, ಕುಣಿತವನ್ನು ಬಿಟ್ಟು ಉಳಿದದ್ದೇನು ಕಾಣುತ್ತದೆಯೋ ಅದನ್ನು ಮಾತ್ರ ಒಂದು ಹಾಳೆಯಲ್ಲಿ ಬರೆಯತೊಡಗಿದೆವು. ಮೊದಲನೆಯ ವಿಡಿಯೊದಲ್ಲಿ ಅಕ್ಕಪಕ್ಕದ ಮನೆಗಳ ಮೇಲಿನಿಂದ ಮೆಟ್ರೊ ಹಳಿಯ ಸೇತುವೆ ಹಾದುಹೋಗುವುದು ಕಾಣುತ್ತಿತ್ತು. ಬೆಂಗಳೂರಿನಲ್ಲಿ ಅಂಥ ತಾರಸಿಗಳು ಸಾವಿರಾರು ಇರುವುದರಿಂದ ಅದು ಏನನ್ನೂ ಹೇಳುವುದಿಲ್ಲ. ನಾಲ್ಕನೆಯದರಲ್ಲಿ ಅವಳೂ ಅವಳ ಚಿಕ್ಕಪ್ಪನ ಮಗಳೂ ರಸ್ತೆ ಬದಿಯಲ್ಲಿ ನಡೆದು ಬರುತ್ತಾರೆ, ಅರ್ಧ ಸೆಕೆಂಡಿನ ಮಟ್ಟಿಗೆ ಹಿಂದಿನ ಕಂಬದ ಮೇಲೆ ಬರೆದ ಸಂಖ್ಯೆ ಓದಲು ಸಿಗುತ್ತದೆ. ನಮ್ಮೂರಿನಲ್ಲಿ ಅಂಗಡಿಯವರು ತಮ್ಮ ವಿಳಾಸದಲ್ಲಿಯೇ "ಇಂತಿಷ್ಟನೇ ಪಿಲ್ಲರ್ ಎದುರು" ಎಂದು ಹಾಕಿಕೊಳ್ಳುವುದರಿಂದ, ಒಂದು ಪಿಲ್ಲರ್ ಸಂಖ್ಯೆ ಸಿಕ್ಕರೆ ಆ ರಸ್ತೆ ಯಾವುದೆಂದು ತಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ. ಏಳನೆಯದರಲ್ಲಿ ಬೇಕರಿಯ ಬೋರ್ಡಿನ ಅರ್ಧ ಹೆಸರು ಕಾಣಿಸಿತು. ಒಂಬತ್ತನೆಯದರಲ್ಲಿ ಶಾಲೆಯಿಂದ ಆಗಷ್ಟೇ ಬಂದ ತಮ್ಮ ಸಮವಸ್ತ್ರದಲ್ಲಿಯೇ ಅಕ್ಕನ ಪಕ್ಕ ಕುಣಿಯುತ್ತಿದ್ದ, ಅವನ ಕೊರಳಿನಲ್ಲಿ ಐಡಿ ಕಾರ್ಡ್ ತೂಗುತ್ತಿತ್ತು.

ಇನ್ನೊಂದು ಸುಳಿವನ್ನು ಹುಡುಗಿಯೇ ಗುರುತಿಸಿದಳು. ಬಹುತೇಕ ವಿಡಿಯೊಗಳು ಸಂಜೆ ತೆಗೆದವು. ಅವುಗಳಲ್ಲಿ ಅವಳ ನೆರಳು ಉದ್ದಕ್ಕೆ ಮೆಟ್ರೊ ಹಳಿಯ ಕಡೆಗೆ ಬಿದ್ದಿತ್ತು. ಸಂಜೆಯ ನೆರಳು ಬೀಳುವುದು ಪೂರ್ವಕ್ಕೆ. ಹಾಗಾದರೆ ಹಳಿಯು ಮನೆಯ ಪೂರ್ವಕ್ಕಿದೆ, ಮನೆ ಹಳಿಯ ಪಶ್ಚಿಮಕ್ಕಿದೆ. ಹುಡುಕುವವನು ಹಳಿಯ ಇನ್ನೊಂದು ಬದಿಯನ್ನು ನೋಡುವ ಅಗತ್ಯವೇ ಇಲ್ಲ. ಕೊನೆಗೆ ಉಳಿದದ್ದು ಎರಡು ಮೂರು ಅಡ್ಡರಸ್ತೆಗಳು. 2022ರಿಂದ ಗೂಗಲ್ ಮ್ಯಾಪ್ಸ್‌ನ ಸ್ಟ್ರೀಟ್ ವ್ಯೂ ನಮ್ಮ ನಗರದಲ್ಲಿಯೂ ಲಭ್ಯವಿರುವುದರಿಂದ ಆ ಅಡ್ಡರಸ್ತೆಗಳಲ್ಲಿ ಕೂತಲ್ಲಿಯೇ ಓಡಾಡಬಹುದು, ಎರಡನೆಯ ವಿಡಿಯೊದಲ್ಲಿದ್ದ ಹಸಿರು ಗೇಟೂ ಅಲ್ಲಿ ಸಿಕ್ಕಿತು. ಇಷ್ಟಕ್ಕೆ ನಮಗೆ ಹಿಡಿದದ್ದು 25 ನಿಮಿಷ. ನಾವು ಬಳಸಿದ್ದು ಫೋನು, ಹಾಳೆ ಮತ್ತು ಪೆನ್ನು ಮಾತ್ರ.

"ಒಂದೊಂದು ವಿಡಿಯೊನೂ ನಾನೇ ನೋಡಿ ಹಾಕು ಅಂತ ಹೇಳಿದ್ದು ಸರ್" ಎಂದರು ತಾಯಿ. ಅವರು ನೋಡಿದ್ದರಲ್ಲಿ ತಪ್ಪಿರಲಿಲ್ಲ, ಆ 11 ವಿಡಿಯೊಗಳಲ್ಲಿ ಯಾವ ಒಂದೂ ತಾನಾಗಿಯೇ ಮನೆಯನ್ನು ತೋರಿಸಿಕೊಡುವುದಿಲ್ಲ. ಹಿಂದೆ ಬಿಟ್ಟುಕೊಟ್ಟದ್ದರ ಮೇಲೆ ಇಂದಿನದು ಸೇರಿ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ನೋಡಿರಲಿಲ್ಲ. ಆದ್ದರಿಂದ ನಾನು ಮಕ್ಕಳಿಗೆ ಹೇಳುವುದು, ವಿಡಿಯೊಗೊಂದು ಪರೀಕ್ಷೆಯ ಬದಲು ಚಾನೆಲ್‌ಗೊಂದು ನೋಟ್‌ಬುಕ್ ಇಡಿ ಎಂದು. ಎಡಗಡೆ ವಿಡಿಯೊದ ತಾರೀಖು, ಬಲಗಡೆ ಅದರಲ್ಲಿ ಕಂಡ ಮತ್ತು ಕೇಳಿದ ಸುಳಿವು. ಬಲಗಡೆಯ ಸಾಲನ್ನು ಮೇಲಿನಿಂದ ಕೆಳಗೆ ಒಟ್ಟಿಗೆ ಓದಿದಾಗ ಬಡಾವಣೆಯ ಹೆಸರು ಹೊಳೆಯುವಂತಿದ್ದರೆ ಹೊಸ ವಿಡಿಯೊ ಹಾಕುವ ಮೊದಲು ಹಳೆಯದೊಂದನ್ನು ತೆಗೆಯಬೇಕು.

ತಾರಸಿಯನ್ನು ಬಿಡಬೇಕಾಗುತ್ತದೆಯೇ ಎಂದು ಹುಡುಗಿ ಕೇಳಿದಳು, ಬೇಕಾಗಿಲ್ಲ. ಅವಳು ಫೋನನ್ನು ನೀರಿನ ಡ್ರಮ್ಮಿಗೆ ಒರಗಿಸಿ ಕೆಳಗಿನಿಂದ ಮೇಲಕ್ಕೆ ತೆಗೆಯುತ್ತಿದ್ದಳು, ಹಾಗಾಗಿ ಅವಳ ಹಿಂದೆ ಇಡೀ ಊರು ನಿಲ್ಲುತ್ತಿತ್ತು. ಫೋನನ್ನು ಐದೂವರೆ ಆರು ಅಡಿ ಎತ್ತರದ ಸ್ಟ್ಯಾಂಡಿಗೆ ಸಿಕ್ಕಿಸಿ ಸ್ವಲ್ಪ ಕೆಳಮುಖವಾಗಿ ತಿರುಗಿಸಿದರೆ, ಹಿನ್ನೆಲೆಗೆ ತಾರಸಿಯ ನೆಲವೂ ಮೋಟುಗೋಡೆಯ ಒಳಮೈಯೂ ಬರುತ್ತವೆ, ಮನೆಗಳ ಸಾಲು ಚೌಕಟ್ಟಿನಿಂದ ಹೊರಗುಳಿಯುತ್ತದೆ. ಬೆಳಕೂ ಹಾಗೆಯೇ ಸಿಗುತ್ತದೆ. ಮನೆಯೊಳಗೆ ತೆಗೆಯುವವರು ಕಿಟಕಿಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳದೆ ಎದುರಿಗಿಟ್ಟುಕೊಂಡರೆ ಮುಖಕ್ಕೆ ಬೆಳಕು ಬೀಳುತ್ತದೆ, ಹೊರಗಿನ ಬೀದಿಯೂ ಕಾಣುವುದಿಲ್ಲ. ಪಾರ್ಸೆಲ್ ಬಿಚ್ಚುವ ವಿಡಿಯೊ ಮಾಡುವವರಿಗೆ ಒಂದೇ ಮಾತು: ಹೆಸರು, ಮನೆ ಸಂಖ್ಯೆ, ಮುಖ್ಯರಸ್ತೆ, ಅಡ್ಡರಸ್ತೆ ಎಲ್ಲವೂ ಅಚ್ಚಾಗಿರುವ ಲೇಬಲ್ಲನ್ನು ಕ್ಯಾಮೆರಾ ಆನ್ ಮಾಡುವ ಮೊದಲೇ ಹರಿದು ತೆಗೆಯಿರಿ.

ಎಡಿಟ್ ಮುಗಿದ ಮೇಲೆ ವಿಡಿಯೊವನ್ನು ಎರಡು ಸಲ ಪರೀಕ್ಷಿಸಬೇಕು. ಒಮ್ಮೆ ಶಬ್ದವನ್ನು ಪೂರ್ತಿ ನಿಲ್ಲಿಸಿ, ವೇಗವನ್ನು ಕಾಲು ಭಾಗಕ್ಕೆ ಇಳಿಸಿ, ಮುಖವನ್ನು ನೋಡದೆ ಚೌಕಟ್ಟಿನ ನಾಲ್ಕು ಮೂಲೆಗಳನ್ನು ಮಾತ್ರ ನೋಡಬೇಕು. ಆರಿಸಿದ ಟಿವಿಯ ಪರದೆ, ಬೀರುವಿನ ಕನ್ನಡಿ, ಕನ್ನಡಕದ ಗಾಜು ಇವೆಲ್ಲ ಕ್ಯಾಮೆರಾದ ಹಿಂದಿರುವುದನ್ನು ತೋರಿಸುತ್ತವೆ. ಇನ್ನೊಮ್ಮೆ ಫೋನನ್ನು ಬೋರಲು ಹಾಕಿ ಬರೀ ಕೇಳಬೇಕು. ನಮ್ಮ ಈ ಪ್ರಕರಣದಲ್ಲಿ ಮೂರನೆಯ ವಿಡಿಯೊದಲ್ಲಿ ಕೆಳಗಿನಿಂದ ಅಜ್ಜಿ ಮೊಮ್ಮಗಳ ಪೂರ್ತಿ ಹೆಸರು ಹಿಡಿದು "ಕಾಫಿ ಆರತ್ತೆ ಬಾರೇ" ಎಂದು ಕೂಗಿದ್ದು ಹಾಡಿನ ಹಿಂದೆ ಸ್ಪಷ್ಟವಾಗಿ ಕೇಳುತ್ತಿತ್ತು. ಅದನ್ನು ಮನೆಯವರು ಯಾರೂ ಗಮನಿಸಿರಲಿಲ್ಲ, ಏಕೆಂದರೆ ಅದು ಅವರು ದಿನವೂ ಕೇಳುವ ಕೂಗು. ದೇವಸ್ಥಾನದ ಮೈಕಿನಲ್ಲಿ ಬರುವ ಪ್ರಕಟಣೆ, ಶಾಲೆಯ ಪ್ರಾರ್ಥನೆ ಇವೂ ಜಾಗವನ್ನು ಹೇಳುತ್ತವೆ. ಕಸದ ಆಟೊದ ಹಾಡಿಗೆ ಮಾತ್ರ ಹೆದರಬೇಕಿಲ್ಲ, ಅದು ಎಲ್ಲರ ಬೀದಿಯಲ್ಲೂ ಬರುತ್ತದೆ. ಸುಲಭದ ದಾರಿಯೆಂದರೆ ಮೂಲ ಧ್ವನಿಯನ್ನು ತೆಗೆದು ಹಾಡನ್ನು ಮಾತ್ರ ಇಡುವುದು.

ಮಸುಕು ಮಾಡುವುದನ್ನು ಮಕ್ಕಳು ಬಹಳ ನಂಬುತ್ತಾರೆ, ನಾನು ಅಷ್ಟಾಗಿ ನಂಬುವುದಿಲ್ಲ. ಕ್ಯಾಮೆರಾ ಅಲುಗಿದಾಗ ಮಸುಕಿನ ಚೌಕ ಒಂದೆರಡು ಫ್ರೇಮ್‌ಗಳಷ್ಟು ಹಿಂದೆ ಬೀಳುತ್ತದೆ, ನೋಡುವವರು ಅಲ್ಲಿಗೇ ನಿಲ್ಲಿಸಿಕೊಳ್ಳಬಹುದು. ತೆಳುವಾಗಿ ಮಸುಕಾಗಿಸಿದ ದೊಡ್ಡ ಅಂಕಿಗಳನ್ನು ಊಹಿಸಲೂ ಸಾಧ್ಯ. ಕತ್ತರಿಸಲು ಬರುವುದಾದರೆ ಕತ್ತರಿಸುವುದೇ ಮೇಲು, ಇಲ್ಲವಾದರೆ ಬಣ್ಣ ತುಂಬಿದ ಗಟ್ಟಿ ಪಟ್ಟಿಯಿಂದ ಮುಚ್ಚಬೇಕು. ಈಗಾಗಲೇ ಹಾಕಿರುವ ವಿಡಿಯೊ ಯೂಟ್ಯೂಬಿನಲ್ಲಿದ್ದರೆ ಕಂಪ್ಯೂಟರಿನಲ್ಲಿ YouTube Studio ತೆರೆದು ಅದರ ಎಡಿಟರ್‌ನಲ್ಲಿ ಬೇಡದ ತುಣುಕನ್ನು ಕತ್ತರಿಸಬಹುದು. ಲಿಂಕ್ ಬದಲಾಗುವುದಿಲ್ಲ, ಬಂದ ವೀಕ್ಷಣೆಗಳೂ ಉಳಿಯುತ್ತವೆ. ಇನ್‌ಸ್ಟಾಗ್ರಾಂನಲ್ಲಿ ಹಾಕಿದ ವಿಡಿಯೊದ ಜಾಗದಲ್ಲಿ ಬೇರೊಂದನ್ನು ಇಡಲು ಬರುವುದಿಲ್ಲ, ಅಳಿಸಬೇಕು ಇಲ್ಲವೇ ಆರ್ಕೈವ್ ಮಾಡಬೇಕು. ಅಷ್ಟರಲ್ಲಿ ಯಾರಾದರೂ ಉಳಿಸಿಕೊಂಡಿದ್ದರೆ ಆ ಪ್ರತಿ ನಮ್ಮ ಕೈಯಲ್ಲಿಲ್ಲ.

ಹೊತ್ತಿನ ವಿಷಯವನ್ನೂ ಹೇಳಬೇಕು. ಹೊರಗೆ ತೆಗೆದ ವಿಡಿಯೊವನ್ನು ಅಲ್ಲಿಂದ ಹೊರಟು ಬಂದ ಮೇಲೆ, ಸಾಧ್ಯವಾದರೆ ಒಂದೆರಡು ದಿನ ಬಿಟ್ಟು ಹಾಕುವುದು ಕ್ಷೇಮ. ಟ್ಯೂಷನ್ನಿನಂಥ ವಾರದ ಅದೇ ದಿನ ಅದೇ ಹೊತ್ತಿಗೆ ಹೋಗುವ ಜಾಗವನ್ನಾದರೆ ತೋರಿಸಲೇಬಾರದು, ಏಕೆಂದರೆ ಅಲ್ಲಿ ತಡವಾಗಿ ಹಾಕಿದರೂ ಮುಂದಿನ ವಾರ ಹುಡುಗಿ ಮತ್ತೆ ಅಲ್ಲಿಯೇ ಇರುತ್ತಾಳೆ. ನೇರಪ್ರಸಾರದಲ್ಲಿ ಕತ್ತರಿಸಲು ಅವಕಾಶವೇ ಇಲ್ಲ. ಯೂಟ್ಯೂಬ್ 2025ರ ಜುಲೈ 22ರಿಂದ ಅದಕ್ಕೆ ಕನಿಷ್ಠ 16 ವರ್ಷವನ್ನು ನಿಗದಿ ಮಾಡಿದೆ.

ಇನ್ನು ಕ್ಯಾಮೆರಾ ಮುಂದೆ ಯಾರು ಬರಬಹುದು ಎಂಬ ಪ್ರಶ್ನೆ. ತಮ್ಮನ ಐಡಿ ಕಾರ್ಡಿನಿಂದ ತಿಳಿದದ್ದು ಅವನ ಶಾಲೆ, ಅವನು ಮನೆಗೆ ಬರುವ ಹೊತ್ತು, ಅವನ ಮುಖ. ಚಾನೆಲ್ ಅಕ್ಕನದು, ಒಪ್ಪಿದವಳು ಅಕ್ಕ, ತಮ್ಮನನ್ನು ಯಾರೂ ಕೇಳಿರಲಿಲ್ಲ. 8 ವರ್ಷದ ಹುಡುಗ ಕೇಳಿದರೆ ಖಂಡಿತ ಒಪ್ಪುತ್ತಿದ್ದ, ಆ ಒಪ್ಪಿಗೆಗೆ ಹೆಚ್ಚಿನ ಬೆಲೆಯಿಲ್ಲ. ಅಪ್ಪ ಅಮ್ಮ ಒಪ್ಪಿದರೂ ಚಿಕ್ಕ ಮಕ್ಕಳ ಮುಖವನ್ನು ಸಾರ್ವಜನಿಕ ಚಾನೆಲ್‌ನಲ್ಲಿ ತೋರಿಸದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಗೆಳತಿಯರ ವಿಷಯದಲ್ಲಿ, ತೆಗೆಯುವ ಮೊದಲು ಕೇಳಿದರೆ ಸಾಲದು, ಎಡಿಟ್ ಆದ ವಿಡಿಯೊವನ್ನು ಅವರ ಕೈಗೆ ಕೊಟ್ಟು ತೋರಿಸಿ ಹಾಕಬಹುದೇ ಎಂದು ಮತ್ತೊಮ್ಮೆ ಕೇಳಬೇಕು. ಯಾರಾದರೂ ಬೇಡವೆಂದರೆ ಕಾರಣ ಕೇಳಬಾರದು. ಮನೆಯಲ್ಲಿ ಜಗಳವಾಗಿ ತಾಯಿಯೊಡನೆ ಬೇರೆ ಊರಿನಿಂದ ಬಂದು ವಿಳಾಸ ಗೊತ್ತಾಗದಂತೆ ಇರುವ ಮಕ್ಕಳು ನಮ್ಮ ತರಗತಿಗಳಲ್ಲಿರುತ್ತಾರೆ, ಅವರು ಕಾರಣ ಹೇಳುವ ಸ್ಥಿತಿಯಲ್ಲಿರುವುದಿಲ್ಲ. ಮನೆಗೆಲಸಕ್ಕೆ ಬರುವ ಅಕ್ಕನನ್ನು ತಮಾಷೆಗೆಂದು ಚೌಕಟ್ಟಿಗೆ ಎಳೆಯುವುದೂ ತಪ್ಪು, ಸಂಬಳ ಕೊಡುವ ಮನೆಯ ಹುಡುಗಿಗೆ ಅವರು ಬೇಡವೆನ್ನುವುದು ಕಷ್ಟ.

ಆ ಕಾಮೆಂಟನ್ನು ತಾಯಿ ಕೋಪದಲ್ಲಿ ಅಳಿಸಲು ಹೊರಟಿದ್ದರು, ನಾನು ತಡೆದೆ. ಬರೆದವರ ಖಾತೆಯ ಹೆಸರು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಖಾತೆಯ ಲಿಂಕನ್ನು ಬರೆದಿಟ್ಟುಕೊಂಡು, ವೇದಿಕೆಗೆ ದೂರು ಕೊಟ್ಟು, ಆಮೇಲೆ ಬ್ಲಾಕ್ ಮಾಡಿದೆವು. ಮತ್ತೆ ಬೇರೆ ಹೆಸರಿನಲ್ಲಿ ಬಂದರೆ cybercrime.gov.in ಜಾಲತಾಣದಲ್ಲಿ ದೂರು ದಾಖಲಿಸಲು ಈ ದಾಖಲೆಗಳೇ ಆಧಾರ. ಮನೆಯ ಹತ್ತಿರ ಯಾರಾದರೂ ಸುಳಿದಾಡುವುದು ಕಂಡರೆ ಕಾಯದೆ 112ಕ್ಕೆ ಕರೆ ಮಾಡಬೇಕು, ಮಕ್ಕಳೇ ನೇರವಾಗಿ ಸಹಾಯ ಕೇಳಲು 1098 ಇದೆ. ಸ್ಟ್ರೀಟ್ ವ್ಯೂನಲ್ಲಿ ಕಾಣುವ ಮನೆಯನ್ನು ಮಸುಕುಗೊಳಿಸುವಂತೆ ಆ ಚಿತ್ರದಲ್ಲಿಯೇ ಇರುವ Report a problem ಎಂಬಲ್ಲಿಂದ ಗೂಗಲ್‌ಗೆ ಕೋರಿಕೆ ಸಲ್ಲಿಸಿದೆವು. ಒಮ್ಮೆ ಮಸುಕಾದರೆ ಮತ್ತೆ ಮೊದಲಿನಂತೆ ಮಾಡಲು ಬರುವುದಿಲ್ಲವಾದ್ದರಿಂದ ಮನೆಯ ಮಾಲೀಕರನ್ನು ಮೊದಲು ಕೇಳಿಯೇ ಕಳುಹಿಸಿದೆವು.

11ರಲ್ಲಿ 5 ವಿಡಿಯೊಗಳನ್ನು ಹುಡುಗಿ ತೆಗೆದಳು, ಎರಡನ್ನು ಕತ್ತರಿಸಿದಳು. ಪಿಲ್ಲರ್ ಕಾಣುವ ವಿಡಿಯೊಗೆ ಅತಿ ಹೆಚ್ಚು ವೀಕ್ಷಣೆ ಬಂದಿತ್ತಾದ್ದರಿಂದ ಅದನ್ನು ತೆಗೆಯಲು ಎರಡು ದಿನ ತೆಗೆದುಕೊಂಡಳು. ತಮ್ಮ ತನ್ನನ್ನು ಬಿಟ್ಟರೆಂದು ಮುನಿಸಿಕೊಂಡಿದ್ದನಂತೆ. ಈಗ ಅವನಿಗೆ ಬೋರಲು ಹಾಕಿದ ಫೋನಿಗೆ ಕಿವಿಗೊಟ್ಟು ಕೇಳುವ ಕೆಲಸ ಕೊಟ್ಟಿದ್ದಾರೆ. ಹೋದ ತಿಂಗಳು ಪಕ್ಕದ ಮನೆಯವರು ಕೊರಿಯರ್ ಹುಡುಗನಿಗೆ ಫೋನಿನಲ್ಲಿ ದಾರಿ ಹೇಳುತ್ತಿದ್ದದ್ದನ್ನು ಅವನೇ ಹಿಡಿದನಂತೆ.