ರಿಲೀವರ್: ಗೇಟಿಗೆ ಮೂವರಲ್ಲ, ಮೂರೂವರೆ ಜನ

ಸೇನೆಯಿಂದ ಪಿಂಚಣಿ ಪಡೆದು ಊರಿಗೆ ಬಂದವರು ಸೆಕ್ಯೂರಿಟಿ ಏಜೆನ್ಸಿ ಶುರು ಮಾಡುವ ಯೋಚನೆಯಲ್ಲಿದ್ದರೆ, ಮೊದಲು ತಿಳಿಯಬೇಕಾದ ಪದ ರಿಲೀವರ್. ಗೇಟಿನಲ್ಲಿ ದಿನವೂ ನಿಲ್ಲುವ ಗಾರ್ಡಿಗೆ ವಾರದ ರಜೆ ಇರುವ ದಿನ, ಅವನ ಜಾಗದಲ್ಲಿ ಬಂದು ನಿಲ್ಲುವವನೇ ರಿಲೀವರ್. ಅವನ ಸಂಬಳಕ್ಕೆಂದು ಬಿಲ್ಲಿನಲ್ಲಿ ಸೇರಿಸುವ ಮೊತ್ತಕ್ಕೆ ರಿಲೀವರ್ ಚಾರ್ಜ್ ಎನ್ನುತ್ತಾರೆ. ಸಣ್ಣ ಏಜೆನ್ಸಿಯ ಲಾಭ ನಷ್ಟ ನಿಂತಿರುವುದು ಬಹುತೇಕ ಈ ಒಂದು ಸಾಲಿನ ಮೇಲೆ.

ಫೌಜಿನಲ್ಲಿ ಇದ್ದವರಿಗೇ ಇದು ಕಣ್ತಪ್ಪುವುದು ಜಾಸ್ತಿ. ಅದಕ್ಕೆ ಕಾರಣ ಇದೆ. ಅಲ್ಲಿ ಗಾರ್ಡ್ ಡ್ಯೂಟಿಗೆ ಒಬ್ಬ ಜವಾನ ರಜೆಯಲ್ಲಿದ್ದರೆ ಕಂಪನಿಯಿಂದ ಇನ್ನೊಬ್ಬ ಬರುತ್ತಾನೆ. ಅವನ ಸಂಬಳ ಗಾರ್ಡ್ ಕಮಾಂಡರನ ಲೆಕ್ಕಕ್ಕೆ ಬರುವುದೇ ಇಲ್ಲ. ಏಜೆನ್ಸಿಯಲ್ಲಿ ಆ ಇನ್ನೊಬ್ಬನನ್ನು ನೀವೇ ಹುಡುಕಬೇಕು, ನೀವೇ ದುಡ್ಡು ಕೊಡಬೇಕು.

ನಮ್ಮ ಕಾಸರಗೋಡಿನ ಉಪ್ಪಳದ ಒಂದು ಫ್ಲ್ಯಾಟಿನ ಗೇಟು ಎಂದುಕೊಳ್ಳೋಣ. 24 ಗಂಟೆ ಕಾವಲು, ಎಂಟು ಗಂಟೆಯ ಮೂರು ಪಾಳಿ. ವಾರಕ್ಕೆ 21 ಡ್ಯೂಟಿ ಆಯಿತು. ಒಬ್ಬ ಗಾರ್ಡ್ ವಾರಕ್ಕೆ ಆರು ಡ್ಯೂಟಿ ಮಾಡುತ್ತಾನೆ, ಮೂವರು ಸೇರಿ 18. ಉಳಿದ ಮೂರು ಡ್ಯೂಟಿ ಯಾರದು? ಅದೇ ರಿಲೀವರನದು. ಅಂದರೆ ಒಂದು ಗೇಟಿಗೆ ಬೇಕಾಗುವುದು ಮೂರೂವರೆ ಜನ.

ಇದನ್ನು ದುಡ್ಡಿನಲ್ಲಿ ನೋಡೋಣ. ಲೆಕ್ಕ ಸುಲಭವಾಗಲಿ ಎಂದು ಒಂದು ಡ್ಯೂಟಿಗೆ 700 ರೂಪಾಯಿ ಇಟ್ಟುಕೊಳ್ಳುತ್ತೇನೆ. ನಿಜವಾದ ದರವನ್ನು ನೀವು ಸರ್ಕಾರದ ಕನಿಷ್ಠ ಕೂಲಿ ನೋಡಿಯೇ ಹಾಕಬೇಕು. ತಿಂಗಳಿಗೆ 26 ಡ್ಯೂಟಿಗೆ ಒಬ್ಬನಿಗೆ 18,200, ಮೂವರಿಗೆ 54,600. ಇದರ ಮೇಲೆ ನಿಮ್ಮ ಸರ್ವಿಸ್ ಚಾರ್ಜ್ ಎಂಟು ಪರ್ಸೆಂಟ್ ಎಂದರೆ 4,368 ರೂಪಾಯಿ. ಹೊಸಬರು ಇಷ್ಟಕ್ಕೇ ಕೊಟೇಶನ್ ಬರೆದು ಕೊಟ್ಟುಬಿಡುತ್ತಾರೆ. ಆದರೆ ರಿಲೀವರನ ಪಾಲು ಮೂವರ ಸಂಬಳದ ಆರನೇ ಒಂದು, ಅಂದರೆ 9,100. ನಿಮ್ಮ ಇಡೀ ಲಾಭದ ಎರಡು ಪಟ್ಟಿಗಿಂತಲೂ ಜಾಸ್ತಿ! ಪಿಎಫ್, ಇಎಸ್‌ಐ ಬಂದಾಗ ಅದು ಇನ್ನೂ ಏರುತ್ತದೆ.

ಈ 9,100 ಬಿಲ್ಲಿನಲ್ಲಿ ಇಲ್ಲದಿದ್ದರೆ ಆ ಮೂರು ಡ್ಯೂಟಿಗಳನ್ನು ಹೇಗಾದರೂ ತುಂಬಲೇಬೇಕು, ಗೇಟನ್ನು ಖಾಲಿ ಬಿಡಲು ಆಗುವುದಿಲ್ಲ. ಆಗ ಶುರುವಾಗುವುದು ಡಬಲ್ ಡ್ಯೂಟಿ. ಹಗಲು ನಿಂತವನೇ ರಾತ್ರಿಯೂ ನಿಲ್ಲುತ್ತಾನೆ. ಕಾನೂನಿನ ಪ್ರಕಾರ ಹೆಚ್ಚುವರಿ ಕೆಲಸಕ್ಕೆ ದುಪ್ಪಟ್ಟು ಕೂಲಿ ಕೊಡಬೇಕು. ಕೊಟ್ಟರೆ ನಷ್ಟ, ಕೊಡದಿದ್ದರೆ ಮೋಸ. ಹಾಜರಿ ಪುಸ್ತಕ ನೋಡಿದರೆ ಇದು ಗೊತ್ತಾಗುತ್ತದೆ. ಒಬ್ಬನ ಹೆಸರಿನ ಮುಂದೆ ಒಂದೂ ರಜೆ ಇಲ್ಲದೆ 30 ದಿನವೂ ಹಾಜರಿ ಇದ್ದರೆ, ಅಲ್ಲಿ ರಿಲೀವರ್ ಇಲ್ಲ ಎಂದೇ ಅರ್ಥ. ಬೆಳಗಿನ ಜಾವ ಮೂರು ಗಂಟೆಗೆ ಗೇಟಿಗೆ ಹೋಗಿ ನೋಡಿ. ನಿದ್ದೆ ಹೋದ ಗಾರ್ಡಿನ ಮೇಲೆ ಕೂಗಾಡುವ ಮೊದಲು, ಅವನು ಎಷ್ಟು ಹೊತ್ತಿನಿಂದ ನಿಂತಿದ್ದಾನೆ ಎಂದು ಕೇಳಿ.

ಪಿಂಚಣಿ ಇರುವವರಿಗೆ ಇನ್ನೊಂದು ಅಪಾಯ ಇದೆ. ಗಾರ್ಡ್ ಬಾರದ ದಿನ ಮಾಲೀಕರೇ ಯೂನಿಫಾರ್ಮ್ ಹಾಕಿ ಗೇಟಿಗೆ ಹೋಗುತ್ತಾರೆ. ಶಿಸ್ತು ಇದೆ, ನಿಲ್ಲುವ ಅಭ್ಯಾಸ ಇದೆ, ನಾಲ್ಕು ದಿನ ನಿಂತರೆ ಏನಾಯಿತು ಅನಿಸುತ್ತದೆ. ಮನೆ ಖರ್ಚಿಗೆ ಪಿಂಚಣಿ ಬರುವುದರಿಂದ ಏಜೆನ್ಸಿ ಒಳಗೊಳಗೇ ಸೋಲುತ್ತಿರುವುದು ಕಾಣುವುದಿಲ್ಲ. ನೀವು ಗೇಟಿನಲ್ಲಿ ನಿಂತ ಪ್ರತಿ ಡ್ಯೂಟಿಗೂ ಪುಸ್ತಕದಲ್ಲಿ ನಿಮ್ಮ ಹೆಸರಿಗೆ 700 ಬರೆಯಿರಿ. ಆರು ತಿಂಗಳಾದ ಮೇಲೆ ಕೂಡಿಸಿದರೆ ನಿಜ ಗೊತ್ತಾಗುತ್ತದೆ. ಅಂದಹಾಗೆ, ಹಳೆಯ ಸೇನಾ ಸಮವಸ್ತ್ರವನ್ನಾಗಲಿ, ಅದರಂತೆ ಕಾಣುವ ಬಟ್ಟೆಯನ್ನಾಗಲಿ ಗೇಟಿನಲ್ಲಿ ಹಾಕುವಂತಿಲ್ಲ. ಖಾಸಗಿ ಭದ್ರತಾ ಕಾನೂನಿನಲ್ಲಿ ಇದಕ್ಕೆ ಶಿಕ್ಷೆ ಇದೆ.

ಅರ್ಧ ಮನುಷ್ಯನನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಹೇಗೆ? ಅದಕ್ಕೇ ಒಂದು ಗೇಟಿನ ಏಜೆನ್ಸಿ ಕಷ್ಟ, ಎರಡು ಗೇಟಿನದು ಸಲೀಸು. ಎರಡು ಗೇಟಿಗೆ 42 ಡ್ಯೂಟಿ, ಸರಿಯಾಗಿ ಏಳು ಜನ. ಏಳನೆಯವನು ಪೂರ್ತಿ ರಿಲೀವರ್. ಉಪ್ಪಳದಲ್ಲಿ ಒಂದು, ಕುಂಬಳೆಯಲ್ಲಿ ಒಂದು ಗೇಟು ಇದ್ದರೆ ಅವನ ವಾರ ಹೀಗಿರಬಹುದು. ಸೋಮವಾರ ಉಪ್ಪಳದಲ್ಲಿ, ಮಂಗಳವಾರ ಕುಂಬಳೆಯಲ್ಲಿ ಬೆಳಗಿನ ಪಾಳಿ. ಬುಧವಾರ, ಗುರುವಾರ ಹಾಗೆಯೇ ಮಧ್ಯಾಹ್ನದ ಪಾಳಿ. ಶುಕ್ರವಾರ, ಶನಿವಾರ ರಾತ್ರಿ ಪಾಳಿ. ಭಾನುವಾರ ಬೆಳಿಗ್ಗೆ ಆರಕ್ಕೆ ಬಿಟ್ಟರೆ ಸೋಮವಾರ ಬೆಳಿಗ್ಗೆ ಆರರವರೆಗೆ ರಜೆ. ಬೆಳಗು, ಮಧ್ಯಾಹ್ನ, ರಾತ್ರಿ ಎಂಬ ಈ ಕ್ರಮವನ್ನು ತಲೆಕೆಳಗು ಮಾಡಬೇಡಿ. ರಾತ್ರಿ ಪಾಳಿ ಮುಗಿಸಿದವನನ್ನು ಅದೇ ದಿನ ಮಧ್ಯಾಹ್ನ ಕರೆದರೆ ಅವನಿಗೆ ನಿದ್ದೆಯೇ ಆಗಿರುವುದಿಲ್ಲ.

ಇಷ್ಟು ಮಾಡಿದರೂ ಮುಚ್ಚಿದ್ದು ವಾರದ ರಜೆಯನ್ನು ಮಾತ್ರ. ಹಬ್ಬ, ಜ್ವರ, ಮನೆಯ ಮದುವೆ ಎಂದು ಒಬ್ಬನಿಗೆ ವರ್ಷಕ್ಕೆ 24 ರಜೆ ಹಿಡಿದರೆ, ವಾರದ 52 ರಜೆಯನ್ನೂ ಕಳೆದು ಅವನು ಕೆಲಸ ಮಾಡುವುದು ವರ್ಷದಲ್ಲಿ 289 ದಿನ. ಆಗ ಗೇಟಿಗೆ ಬೇಕಾದ ಲೆಕ್ಕ 3.8ರ ಹತ್ತಿರ ಬರುತ್ತದೆ. ಹಾಗಾಗಿ ಎರಡು ಗೇಟು ಹಿಡಿದವರು ಎಂಟನೆಯವನೊಬ್ಬನನ್ನು ಬೇಕಾದಾಗ ಬರುವಂತೆ ಸಿದ್ಧ ಇಟ್ಟುಕೊಳ್ಳುವುದು ಒಳ್ಳೆಯದು.

ಸಿದ್ಧ ಎಂದರೆ ಕಾನೂನಿನ ಕಣ್ಣಿಗೂ ಸಿದ್ಧ ಇರಬೇಕು. ಪಸಾರಾ ಎಂದು ಎಲ್ಲರೂ ಕರೆಯುವ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾನೂನಿನ ಲೈಸೆನ್ಸ್ ಇಲ್ಲದೆ ಈ ಕೆಲಸ ಮಾಡುವಂತಿಲ್ಲ. ಗಾರ್ಡಿನ ಪೂರ್ವಾಪರ ವಿಚಾರಣೆ ಆಗಿರಬೇಕು, ತರಬೇತಿ ಆಗಿರಬೇಕು. ಸಾಮಾನ್ಯರಿಗೆ ತರಗತಿಯಲ್ಲಿ 100 ಗಂಟೆ, ಹೊರಗೆ 60 ಗಂಟೆ. ಮಾಜಿ ಸೈನಿಕರಿಗೆ 40 ಮತ್ತು 16 ಗಂಟೆ ಸಾಕು. ರಿಲೀವರನಿಗೂ ಇದೇ ನಿಯಮ. ಗಾರ್ಡ್ ಬರಲಿಲ್ಲವೆಂದು ಪಕ್ಕದ ಮನೆಯ ಹುಡುಗನನ್ನು ಸುಮ್ನೆ ನಿಲ್ಲಿಸುವ ಹಾಗಿಲ್ಲ. ನಿಮ್ಮ ಜೊತೆ ಪಿಂಚಣಿ ಪಡೆದ ಸ್ನೇಹಿತರು ರಿಲೀವರ್ ಕೆಲಸಕ್ಕೆ ಹೊಂದುವುದು ಇದಕ್ಕೇ. ತರಬೇತಿ ಬೇಗ ಮುಗಿಯುತ್ತದೆ, ವಾರಕ್ಕೆ ಎರಡು ಮೂರು ಡ್ಯೂಟಿ ಸಿಕ್ಕರೂ ಅವರಿಗೆ ಸಾಕು.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕು. ಮಂಜೇಶ್ವರದಲ್ಲಿ ಒಂದು ಗೇಟು, ತಲಪಾಡಿ ದಾಟಿ ಮಂಗಳೂರಿನ ಕಡೆ ಇನ್ನೊಂದು ಗೇಟು ಹಿಡಿದು ಒಬ್ಬನೇ ರಿಲೀವರನನ್ನು ಓಡಾಡಿಸಬಹುದಲ್ವಾ ಅನಿಸುತ್ತದೆ. ದಾರಿ ಹತ್ತಿರವೇ. ಆದರೆ ಲೈಸೆನ್ಸ್ ರಾಜ್ಯದ್ದು. ಕೇರಳದ ಲೈಸೆನ್ಸಿನಲ್ಲಿ ಕರ್ನಾಟಕದ ಗೇಟಿಗೆ ಗಾರ್ಡ್ ಕೊಡಲು ಬರುವುದಿಲ್ಲ, ಅಲ್ಲಿಗೆ ಬೇರೆಯೇ ತೆಗೆಯಬೇಕು. ಶುರುವಿನಲ್ಲಿ ಗಡಿಯ ಈಚೆಗೇ ಎರಡನೇ ಗೇಟು ಹುಡುಕುವುದು ಮೇಲು.

ರಿಲೀವರನಿಗೆ ಗೇಟು ಹೊಸದು. ಯಾವ ಫ್ಲ್ಯಾಟಿನವರು ಊರಲ್ಲಿಲ್ಲ, ನೀರಿನ ಪಂಪು ಯಾವಾಗ ಹಾಕಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದು ಖಾಯಂ ಗಾರ್ಡಿನ ತಲೆಯಲ್ಲಿ ಇರುತ್ತದೆ. ಅದನ್ನು ಒಂದು ಹಾಳೆಯಲ್ಲಿ ಬರೆದು ಗೇಟಿನ ಮೇಜಿನ ಮೇಲೆ ಇಡಿ. ಕಾಸರಗೋಡಿನಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿರಿ.

ಕೊಟೇಶನಿನಲ್ಲಿ ರಿಲೀವರ್ ಚಾರ್ಜನ್ನು ಪ್ರತ್ಯೇಕ ಸಾಲಾಗಿ ತೋರಿಸಿ, ಸಂಬಳದೊಳಗೆ ಅಡಗಿಸಬೇಡಿ. ಫ್ಲ್ಯಾಟ್ ಸಂಘದವರು "ಮೂವರಿಗೆ ಮಾತ್ರ ಕೊಡುತ್ತೇವೆ, ಮತ್ತೆ ಇದು ಯಾಕೆ?" ಎಂದು ಕೇಳಿಯೇ ಕೇಳುತ್ತಾರೆ. 21 ಡ್ಯೂಟಿಯ ಲೆಕ್ಕವನ್ನು ಅವರ ಎದುರೇ ಬರೆದು ತೋರಿಸಿ. ಆಗಲೂ ಒಪ್ಪದಿದ್ದರೆ, ರಾತ್ರಿ ಪಾಳಿಯನ್ನು ಮಾತ್ರ ಕೊಡುತ್ತೇವೆ ಎನ್ನಿ. ಅದು ವಾರಕ್ಕೆ ಏಳು ಡ್ಯೂಟಿ. ಒಬ್ಬ ಗಾರ್ಡ್, ಒಂದು ದಿನದ ರಿಲೀವರ್, ಅಷ್ಟೇ. ರಿಲೀವರ್ ಇಲ್ಲದ 24 ಗಂಟೆಯ ಗೇಟನ್ನು ಮಾತ್ರ ಹಿಡಿಯಬೇಡಿ.