ಒಂದು ಅರ್ಹತೆ ಇಲ್ಲದಿದ್ದಾಗ ರಿಕ್ರೂಟರ್‌ಗೆ ಬರೆಯುವ ಇಮೇಲ್

ಕೆಲಸದ ಜಾಹೀರಾತಿನಲ್ಲಿ ಐದಾರು ಅರ್ಹತೆ ಕೇಳಿರುತ್ತಾರೆ. ಎಲ್ಲವೂ ನಮ್ಮಲ್ಲಿವೆ, ಒಂದು ಮಾತ್ರ ಇಲ್ಲ. ಅದಿಲ್ಲದೆ ನಡೆಯುತ್ತದೆಯೇ ಎಂದು ರಿಕ್ರೂಟರ್‌ಗೆ ಬರೆದು ಕೇಳಬಹುದು. ಆ ಇಮೇಲ್ ಹೇಗಿರಬೇಕು ಎಂಬುದನ್ನು ಒಂದೇ ಉದಾಹರಣೆ ಹಿಡಿದು ನೋಡೋಣ.

ಹುದ್ದೆ ಡೇಟಾ ಅನಲಿಸ್ಟ್‌ದು. ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆಯಾದ ಎಸ್‌ಕ್ಯೂಎಲ್ ಬರಬೇಕು, ರಿಪೋರ್ಟ್ ತಯಾರಿಸಿ 3 ವರ್ಷದ ಅನುಭವ ಇರಬೇಕು, ಅದರಲ್ಲಿ 2 ವರ್ಷ ಪವರ್ ಬಿಐ ಎಂಬ ರಿಪೋರ್ಟ್ ಸಾಫ್ಟ್‌ವೇರ್‌ನಲ್ಲಿ ಆಗಿರಬೇಕು. ನಮ್ಮ ಅಭ್ಯರ್ಥಿಗೆ 4 ವರ್ಷದ ಅನುಭವ ಇದೆ, ಆದರೆ ಎಲ್ಲವೂ ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಆದ ಟ್ಯಾಬ್ಲೋದಲ್ಲಿ. ಅವರು ಮೊದಲು ಬರೆದದ್ದು ಹೀಗಿತ್ತು ಎಂದುಕೊಳ್ಳಿ:

"ನಮಸ್ಕಾರ. ನಿಮ್ಮ ಜಾಹೀರಾತು ನೋಡಿದೆ. ನನಗೆ ಪವರ್ ಬಿಐ ಬರುವುದಿಲ್ಲ, ಆದರೆ ಬೇಗ ಕಲಿಯುತ್ತೇನೆ. ಈ ವಿಷಯದಲ್ಲಿ ಸ್ವಲ್ಪ ಸಡಿಲಿಕೆ ಇದೆಯೇ? ನಾನು ಅರ್ಜಿ ಹಾಕಬಹುದೇ?"

ವಿನಯ ಇದೆ, ಚಿಕ್ಕದಾಗಿದೆ. ಆದರೂ ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ "ದಯವಿಟ್ಟು ಅರ್ಜಿ ಹಾಕಿ" ಎಂಬುದು. ಅದರಿಂದ ನಮಗೆ ಏನೂ ತಿಳಿಯಲಿಲ್ಲ, ಅಲ್ವಾ? ಅರ್ಜಿ ಹಾಕಬಹುದೇ ಎಂದು ಕೇಳಿದರೆ ಯಾರೂ ಬೇಡ ಎನ್ನುವುದಿಲ್ಲ.

ಕಾರಣ ಹೀಗಿದೆ. ಯಾವ ಅರ್ಹತೆಯನ್ನು ಬಿಡಬಹುದು ಎಂದು ರಿಕ್ರೂಟರ್ ಒಬ್ಬರೇ ತೀರ್ಮಾನಿಸುವುದು ಕಡಿಮೆ. ಅದು ಹೈರಿಂಗ್ ಮ್ಯಾನೇಜರ್ ಕೈಯಲ್ಲಿರುತ್ತದೆ. ಆ ಹುದ್ದೆಗೆ ಬರುವವರಿಂದ ದಿನವೂ ಕೆಲಸ ಮಾಡಿಸಿಕೊಳ್ಳುವವರು ಅವರೇ. ರಿಕ್ರೂಟರ್ ಒಂದೇ ಸಮಯಕ್ಕೆ ಹಲವು ಹುದ್ದೆ ನೋಡಿಕೊಳ್ಳುತ್ತಿರುತ್ತಾರೆ. ನಮ್ಮ ಪ್ರಶ್ನೆಯನ್ನು ಮ್ಯಾನೇಜರ್ ಹತ್ತಿರ ಒಯ್ಯಬೇಕಾದರೆ ಅವರ ಕೈಗೆ ಏನಾದರೂ ಸಿಗಬೇಕು. ಮೇಲಿನ ಇಮೇಲ್‌ನಲ್ಲಿ ಒಯ್ಯಲು ಏನೂ ಇಲ್ಲ. ಹಾಗಾಗಿ ನಾವು ಬರೆಯುವುದು ರಿಕ್ರೂಟರ್‌ಗೆ, ಆದರೆ ಅದು ಮ್ಯಾನೇಜರ್ ಓದಿ ಒಂದು ಸಾಲಿನಲ್ಲಿ ಉತ್ತರ ಕೊಡುವಂತೆ ಇರಬೇಕು. ನನ್ನ ಮಟ್ಟಿಗೆ ಇಡೀ ವಿಷಯ ನಿಂತಿರುವುದು ಇದರ ಮೇಲೆ.

ಬರೆಯುವ ಮೊದಲು ಒಂದು ಪ್ರಶ್ನೆ ನಮಗೇ ಹಾಕಿಕೊಳ್ಳಬೇಕು: ಈ ಅರ್ಹತೆಯನ್ನು ಯಾಕೆ ಕೇಳಿದ್ದಾರೆ? ಕೆಲವನ್ನು ಕಾನೂನು ಕೇಳುತ್ತದೆ. ನರ್ಸ್ ಕೆಲಸಕ್ಕೆ ನೋಂದಣಿ, ಭಾರೀ ವಾಹನ ಓಡಿಸಲು ಅದರ ಲೈಸೆನ್ಸ್. ಇವನ್ನು ಮ್ಯಾನೇಜರ್ ಮನಸ್ಸು ಮಾಡಿದರೂ ಬಿಡಲು ಆಗುವುದಿಲ್ಲ, ಕೇಳುವುದೇ ವ್ಯರ್ಥ. ಇನ್ನು ಕೆಲವು ಮೊದಲ ದಿನದ ಕೆಲಸಕ್ಕೇ ಬೇಕು. ರಿಪೋರ್ಟ್ ನೋಡಿಕೊಳ್ಳುತ್ತಿದ್ದವರು ಬಿಟ್ಟು ಹೋಗಿದ್ದಾರೆ, ಹೊಸಬರು ಬಂದ ವಾರವೇ ಅದನ್ನು ಕೈಗೆತ್ತಿಕೊಳ್ಳಬೇಕು ಎಂಬಂಥ ಸ್ಥಿತಿ. ಉಳಿದವು ಒಂದು ಅಂದಾಜು. ತಂಡದಲ್ಲಿ ಪವರ್ ಬಿಐ ಬಳಸುತ್ತಾರೆ, ಹಾಗಾಗಿ ಅದೇ ಹೆಸರು ಜಾಹೀರಾತಿಗೆ ಹೋಯಿತು. ವರ್ಷಗಳ ಲೆಕ್ಕವೂ ಎಷ್ಟೋ ಸಲ ಹೀಗೆಯೇ. ಎರಡನೆಯದೋ ಮೂರನೆಯದೋ ಎಂಬುದು ಜಾಹೀರಾತು ಓದಿದರೆ ಗೊತ್ತಾಗುವುದಿಲ್ಲ. ಇಮೇಲ್‌ನಲ್ಲಿ ಕೇಳಬೇಕಾದದ್ದು ಅದನ್ನೇ.

ಇನ್ನೊಂದು, ನಮ್ಮಲ್ಲಿ ನಿಜವಾಗಿ ಇಲ್ಲದಿರುವುದು ಏನು ಎಂದು ಗುರುತಿಸಬೇಕು. ಚಾರ್ಟ್ ಕಟ್ಟುವುದು, ಫಿಲ್ಟರ್ ಹಾಕುವುದು, ಯಾರಿಗೆ ಏನು ತೋರಿಸಬೇಕು ಎಂದು ಯೋಚಿಸುವುದು ಟ್ಯಾಬ್ಲೋ, ಪವರ್ ಬಿಐ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ದೊಡ್ಡ ವ್ಯತ್ಯಾಸ ಇರುವುದು ಡ್ಯಾಕ್ಸ್‌ನಲ್ಲಿ. ಅದು ಪವರ್ ಬಿಐನಲ್ಲಿ ಲೆಕ್ಕಗಳನ್ನು ಬರೆಯುವ ಸೂತ್ರಭಾಷೆ, ಟ್ಯಾಬ್ಲೋದಲ್ಲಿ ಅದಿಲ್ಲ. "ಪವರ್ ಬಿಐ ಬರುವುದಿಲ್ಲ" ಎಂದರೆ ಕೊರತೆ ದೊಡ್ಡದಾಗಿ ಕಾಣುತ್ತದೆ. "ಡ್ಯಾಕ್ಸ್ ಇಷ್ಟು ಬರುತ್ತದೆ, ಇಷ್ಟು ಬರುವುದಿಲ್ಲ" ಎಂದರೆ ಅದರ ಅಳತೆ ಸಿಗುತ್ತದೆ, ಹೇಳುವವರಿಗೆ ವಿಷಯ ಗೊತ್ತು ಎಂಬುದೂ ತಿಳಿಯುತ್ತದೆ.

ಈಗ ಅದೇ ಇಮೇಲ್ ಮತ್ತೊಮ್ಮೆ:

"ವಿಷಯ: ಡೇಟಾ ಅನಲಿಸ್ಟ್ ಹುದ್ದೆ, ಸಂಖ್ಯೆ 2417: ಪವರ್ ಬಿಐ ಅರ್ಹತೆ ಬಗ್ಗೆ ಒಂದು ಪ್ರಶ್ನೆ

ನಮಸ್ಕಾರ,

ಈ ಹುದ್ದೆಗೆ ಅರ್ಜಿ ಹಾಕುವ ಮೊದಲು ಒಂದು ವಿಷಯ ತಿಳಿದುಕೊಳ್ಳಲು ಬರೆಯುತ್ತಿದ್ದೇನೆ. ಪವರ್ ಬಿಐನಲ್ಲಿ 2 ವರ್ಷದ ಅನುಭವ ಕೇಳಿದ್ದೀರಿ. ನಾನು ಅದರಲ್ಲಿ ಉದ್ಯೋಗದ ಕೆಲಸ ಮಾಡಿಲ್ಲ. ಉಳಿದ ಅರ್ಹತೆಗಳೆಲ್ಲ ಇವೆ.

4 ವರ್ಷದಿಂದ ಮಾರಾಟ ವಿಭಾಗದ ವಾರದ ರಿಪೋರ್ಟ್‌ಗಳನ್ನು ಟ್ಯಾಬ್ಲೋದಲ್ಲಿ ಮಾಡುತ್ತಿದ್ದೇನೆ. ಬೇಕಾದ ಎಸ್‌ಕ್ಯೂಎಲ್ ನಾನೇ ಬರೆಯುತ್ತೇನೆ. ಕಳೆದ ತಿಂಗಳು ಸಾರ್ವಜನಿಕ ಡೇಟಾ ಬಳಸಿ ಅಂಥದ್ದೇ ಒಂದು ರಿಪೋರ್ಟನ್ನು ಪವರ್ ಬಿಐನಲ್ಲಿ ಕಟ್ಟಿದೆ. ಸರಳ ಡ್ಯಾಕ್ಸ್ ಸೂತ್ರಗಳನ್ನು ಬರೆಯಬಲ್ಲೆ, ಕಷ್ಟದವು ಇನ್ನೂ ಬರುವುದಿಲ್ಲ.

ಈ ಹುದ್ದೆಗೆ ಬರುವವರು ಮೊದಲ ವಾರಗಳಿಂದಲೇ ಈಗಿರುವ ಪವರ್ ಬಿಐ ರಿಪೋರ್ಟ್‌ಗಳನ್ನು ಒಬ್ಬರೇ ನೋಡಿಕೊಳ್ಳಬೇಕೇ, ಅಥವಾ ಟ್ಯಾಬ್ಲೋ ಅನುಭವ ಇರುವವರನ್ನೂ ಪರಿಗಣಿಸುತ್ತೀರಾ? ತಂಡದವರನ್ನು ಕೇಳಬೇಕಿದ್ದರೆ ಈ ಇಮೇಲನ್ನೇ ಅವರಿಗೆ ಕಳಿಸಬಹುದು. ರೆಸ್ಯೂಮೆ ಜೊತೆಗಿದೆ.

ವಂದನೆಗಳೊಂದಿಗೆ"

ಮೊದಲನೆಯದರಲ್ಲಿದ್ದ "ಬೇಗ ಕಲಿಯುತ್ತೇನೆ" ಇಲ್ಲಿ ಕಾಣುವುದಿಲ್ಲ. ಅದನ್ನು ಯಾರು ಬೇಕಾದರೂ ಬರೆಯಬಹುದು, ಓದುವವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ಜಾಗಕ್ಕೆ ಮಾಡಿ ಮುಗಿಸಿದ ಒಂದು ಕೆಲಸ ಬಂದಿದೆ. ಆ ಕೆಲಸ ನಿಜವಾಗಿಯೂ ಆಗಿರಬೇಕು. ಪವರ್ ಬಿಐ ಡೆಸ್ಕ್‌ಟಾಪ್ ಉಚಿತವಾಗಿ ಸಿಗುವುದರಿಂದ ವಿಂಡೋಸ್ ಕಂಪ್ಯೂಟರ್ ಇದ್ದವರು ಮನೆಯಲ್ಲೇ ಮಾಡಿ ನೋಡಬಹುದು. "ಸಾರ್ವಜನಿಕ ಡೇಟಾ" ಎಂಬ ಮಾತೂ ಸುಮ್ನೆ ಬಂದದ್ದಲ್ಲ. ಈಗಿನ ಕಂಪನಿಯ ಡೇಟಾ ಹೊರಗೆ ತಂದು ಅಭ್ಯಾಸ ಮಾಡಿದರೆ ಅದೇ ದೊಡ್ಡ ತಪ್ಪಾಗುತ್ತದೆ, ಹೊಸ ಕಂಪನಿಯವರಿಗೂ ಭಯ ಹುಟ್ಟುತ್ತದೆ.

"ಸಡಿಲಿಕೆ" ಎಂಬ ಪದವನ್ನೂ ಬಿಟ್ಟಿದ್ದೇವೆ. ಸಡಿಲಿಕೆ ಕೇಳಿದರೆ ನಮಗಾಗಿ ನಿಯಮ ಮುರಿಯಿರಿ ಎಂದಂತೆ ಆಗುತ್ತದೆ. ಕೆಲಸ ಹೇಗಿದೆ ಎಂದು ಕೇಳಿದರೆ ಉತ್ತರ ಕೊಡುವುದು ಅವರಿಗೂ ಸುಲಭ. ಕ್ಷಮೆಯೂ ಬೇಕಿಲ್ಲ. ಒಂದು ಉಪಕರಣ ಬಳಸದಿರುವುದು ತಪ್ಪೇನಲ್ಲ.

ಇದನ್ನು ಕಳಿಸಬೇಕಾದದ್ದು ಅರ್ಜಿ ತುಂಬುವ ಮೊದಲು. ಆನ್‌ಲೈನ್ ಅರ್ಜಿಗಳಲ್ಲಿ "ಪವರ್ ಬಿಐನಲ್ಲಿ 2 ವರ್ಷದ ಅನುಭವ ಇದೆಯೇ?" ಎಂಬಂಥ ಹೌದು-ಇಲ್ಲ ಪ್ರಶ್ನೆ ಇರಬಹುದು. ಇಲ್ಲ ಎಂದರೆ ಅರ್ಜಿ ತಾನಾಗಿ ತಿರಸ್ಕಾರವಾಗುವಂತೆ ಕೆಲವು ಕಡೆ ಇಟ್ಟಿರುತ್ತಾರೆ, ಯಾರ ಕಣ್ಣಿಗೂ ಅದು ಬೀಳುವುದೇ ಇಲ್ಲ. ಹಾಗೆಂದು ಸುಳ್ಳು ಹೌದು ಒತ್ತಬಾರದು, ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಅದು ಹೊರಬೀಳುತ್ತದೆ. ಮೊದಲೇ ಕೇಳಿದ್ದರೆ, ಆ ಪ್ರಶ್ನೆಗೆ ಏನು ತುಂಬಬೇಕು ಎಂದು ರಿಕ್ರೂಟರ್ ಅವರನ್ನೇ ಕೇಳಬಹುದು.

ಉತ್ತರವನ್ನು ಓದುವುದಕ್ಕೂ ಗಮನ ಬೇಕು. "ಈ ಹುದ್ದೆಗೆ ಅದು ಕಡ್ಡಾಯ" ಎಂದರೆ ಮುಗಿಯಿತು. ಧನ್ಯವಾದ ಹೇಳಿ, ವಾದಕ್ಕೆ ಇಳಿಯಬೇಡಿ. "ಅರ್ಜಿ ಹಾಕಿ, ನೋಡುತ್ತೇವೆ" ಎಂದರೆ ಪ್ರಶ್ನೆ ಮ್ಯಾನೇಜರ್‌ವರೆಗೆ ಹೋಗಿಲ್ಲದಿರಬಹುದು. ಅರ್ಜಿ ಹಾಕಿ, ಆದರೆ ಜಾಸ್ತಿ ನಿರೀಕ್ಷೆ ಇಡಬೇಡಿ. "ಆ ರಿಪೋರ್ಟ್ ನೋಡಬಹುದೇ?" ಎಂದೋ "ಡ್ಯಾಕ್ಸ್‌ನಲ್ಲಿ ಏನೇನು ಮಾಡಿದ್ದೀರಿ?" ಎಂದೋ ಮರುಪ್ರಶ್ನೆ ಬಂದರೆ ತಂಡದವರು ಇಮೇಲ್ ಓದಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಅದೇ ದಿನ ಫೈಲ್ ಕಳಿಸಲು ಆಗಬೇಕು. ಹಾಗಾಗಿ ಇಮೇಲ್ ಕಳಿಸುವ ಹೊತ್ತಿಗೇ ಅದನ್ನು ಸಿದ್ಧ ಮಾಡಿಟ್ಟುಕೊಳ್ಳಿ.

ಉತ್ತರವೇ ಬರದಿದ್ದರೆ ಒಂದು ವಾರ ಬಿಟ್ಟು ಅದೇ ಇಮೇಲ್‌ನ ಕೆಳಗೆ ಎರಡು ಸಾಲು ಬರೆಯಿರಿ, ಒಂದೇ ಸಲ. ಅಷ್ಟರೊಳಗೆ ಕೊನೆಯ ದಿನಾಂಕ ಬರುವುದಾದರೆ ಕಾಯಬೇಡಿ. ಇಮೇಲ್‌ನ ಎರಡನೇ ಪ್ಯಾರಾವನ್ನು ಹಾಗೆಯೇ ಎತ್ತಿ ಕವರ್ ಲೆಟರ್‌ಗೆ ಹಾಕಿ, ಅರ್ಜಿ ಕಳಿಸಿಬಿಡಿ.