ಸೂಚನೆಯಿಲ್ಲದೆ ಬಂದ ಮಾರಾಟದ ಶೀಟ್: ಮೊದಲು ಏನನ್ನು ನೋಡಬೇಕು?

ಬಟ್ಟೆ ಅಂಗಡಿಯೊಂದರ ತಿಂಗಳವಾರು ಮಾರಾಟದ ಎಕ್ಸೆಲ್ ಶೀಟ್ ನಮ್ಮ ಕೈಗೆ ಬಂದಿದೆ, ಆದರೆ ಅದರಿಂದ ಏನು ಬೇಕೆಂದು ಕಳುಹಿಸಿದವರು ಹೇಳಿಲ್ಲ ಎಂದಿಟ್ಟುಕೊಳ್ಳೋಣ. ಏಪ್ರಿಲ್ 2023ರಿಂದ ಮಾರ್ಚ್ 2025ರವರೆಗೆ ತಿಂಗಳಿಗೊಂದು ಸಾಲಿನಂತೆ 24 ಸಾಲುಗಳಿವೆ. ಮಾರಾಟದ ಮೊತ್ತ B ಕಾಲಂನಲ್ಲಿದೆ. ಮೂಲ ಕಡತವನ್ನು ಮುಟ್ಟದೆ, ಅದರ ಪ್ರತಿಯೊಂದರಲ್ಲಿ ಕೆಲಸ ಆರಂಭಿಸಬೇಕು.

ಗ್ರಾಫ್ ಬರೆಯುವ ಮೊದಲು ಮೊತ್ತಗಳೆಲ್ಲವೂ ನಿಜವಾಗಿ ಸಂಖ್ಯೆಗಳೇ ಎಂದು ಖಚಿತಪಡಿಸಿಕೊಳ್ಳಬೇಕು.

```
=COUNTA(B2:B25)
=COUNT(B2:B25)
```

ಮೊದಲನೆಯ ಸೂತ್ರ ಖಾಲಿಯಲ್ಲದ ಎಲ್ಲ ಕೋಶಗಳನ್ನೂ, ಎರಡನೆಯದು ಸಂಖ್ಯೆಯಿರುವ ಕೋಶಗಳನ್ನು ಮಾತ್ರವೂ ಎಣಿಸುತ್ತದೆ. 24 ಮತ್ತು 22 ಎಂಬ ಉತ್ತರ ಬಂದರೆ ಎರಡು ಕೋಶಗಳಲ್ಲಿ ಪಠ್ಯವಿದೆ ಎಂದರ್ಥ. ಬಿಲ್ ಬರೆಯುವ ರೂಢಿಯಲ್ಲಿ ಯಾರೋ 9,40,000/- ಎಂದು ಟೈಪ್ ಮಾಡಿರುತ್ತಾರೆ. SUM ಅದನ್ನು ಸದ್ದಿಲ್ಲದೆ ಬಿಟ್ಟುಬಿಡುವುದರಿಂದ ಒಟ್ಟು ಮೊತ್ತ ಕಡಿಮೆಯಾಗುತ್ತದೆ. ನಡುವೆ ‘ಒಟ್ಟು’ ಎಂಬ ಸಾಲುಗಳು ಸೇರಿಕೊಂಡಿದ್ದರೆ ತಪ್ಪು ಇದಕ್ಕೆ ವಿರುದ್ಧ ದಿಕ್ಕಿನದು, ಮೊತ್ತ ಇಮ್ಮಡಿಯಾಗುತ್ತದೆ.

ಇನ್ನು ಸಾರಾಂಶದ ವಿಷಯ. ಪ್ರತಿ ತಿಂಗಳನ್ನು ಹಿಂದಿನ ವರ್ಷದ ಅದೇ ತಿಂಗಳಿನೊಡನೆ ಹೋಲಿಸುವ ಚಿಕ್ಕ ಪಟ್ಟಿಯೇ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ. ಆದರೆ ನಮ್ಮ ಹಬ್ಬಗಳು ಚಾಂದ್ರಮಾನದ ಲೆಕ್ಕದಲ್ಲಿ ಬರುವುದರಿಂದ ಆ ಪಟ್ಟಿಯನ್ನೂ ಹಾಗೆಯೇ ಕೊಡುವಂತಿಲ್ಲ. ನರಕ ಚತುರ್ದಶಿ 2023ರಲ್ಲಿ ನವೆಂಬರ್ 12ಕ್ಕೂ 2024ರಲ್ಲಿ ಅಕ್ಟೋಬರ್ 31ಕ್ಕೂ ಬಂದಿತ್ತು. 2023ರ ಅಕ್ಟೋಬರ್‌ನಲ್ಲಿ 11 ಲಕ್ಷ, ನವೆಂಬರ್‌ನಲ್ಲಿ 18 ಲಕ್ಷ. 2024ರಲ್ಲಿ ಅನುಕ್ರಮವಾಗಿ 19 ಲಕ್ಷ ಮತ್ತು 12 ಲಕ್ಷ ವ್ಯಾಪಾರವಾಗಿದೆ ಎಂದುಕೊಳ್ಳಿ. ನವೆಂಬರ್ ಒಂದನ್ನೇ ನೋಡಿದವರಿಗೆ ವ್ಯಾಪಾರ ಮೂರನೇ ಒಂದು ಭಾಗ ಕುಸಿದಂತೆ ಕಂಡು ಗಾಬರಿಯಾಗುತ್ತದೆ. ಎರಡೂ ತಿಂಗಳನ್ನು ಕೂಡಿಸಿದರೆ 29 ಲಕ್ಷ 31 ಲಕ್ಷವಾಗಿದೆ, ಅಂದರೆ ಸುಮಾರು ಶೇ. 7ರಷ್ಟು ಏರಿಕೆಯಾಗಿದೆ. ಪಟ್ಟಿಯಲ್ಲಿ ಈ ಜೋಡಿಯನ್ನು ಒಂದೇ ಸಾಲಾಗಿ ತೋರಿಸಿ, ಕಾರಣವನ್ನು ಪಕ್ಕದಲ್ಲಿ ಬರೆಯಬೇಕು.

ಯುಗಾದಿಯ ತೊಡಕು ಇದಕ್ಕಿಂತ ಸೂಕ್ಷ್ಮವಾದುದು, ಏಕೆಂದರೆ ಅದು ವಾರ್ಷಿಕ ಮೊತ್ತವನ್ನೇ ಅಲುಗಾಡಿಸುತ್ತದೆ. ಹಬ್ಬ 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30ರಂದು ಇತ್ತು. ಹೀಗಾಗಿ 2023–24ರ ಹಣಕಾಸು ವರ್ಷದಲ್ಲಿ ಯುಗಾದಿಯೇ ಇಲ್ಲ, 2024–25ರಲ್ಲಿ ಎರಡು ಬಾರಿ ಇದೆ. 2024ರ ಹಬ್ಬದ ಖರೀದಿಯಲ್ಲಿ ಒಂದು ಪಾಲು ಮಾರ್ಚ್ ಕೊನೆಯಲ್ಲೇ ನಡೆದಿರಬಹುದು. ಎಷ್ಟು ಎಂಬುದು ತಿಂಗಳ ಮೊತ್ತದಿಂದ ತಿಳಿಯದು. ಆದ್ದರಿಂದ ಎರಡನೆಯ ವರ್ಷದ ಏರಿಕೆಯನ್ನು ಪೂರ್ತಿಯಾಗಿ ಬೆಳವಣಿಗೆ ಎಂದು ಕರೆಯದೆ, ಮಾರ್ಚ್ ಮತ್ತು ಏಪ್ರಿಲ್‌ನ ದಿನವಾರು ಮಾರಾಟ ಸಿಕ್ಕೀತೇ ಎಂದು ಕೇಳಬೇಕು. ಅದರೊಡನೆಯೇ, ಮೊತ್ತದಲ್ಲಿ ಜಿಎಸ್‌ಟಿ ಸೇರಿದೆಯೇ, ವಾಪಸು ಬಂದ ಮಾಲಿನ ಬೆಲೆಯನ್ನು ಕಳೆದಿದ್ದಾರೆಯೇ ಎಂಬುದನ್ನೂ ವಿಚಾರಿಸಿದರೆ ಸಾಕು.